ಐದು ನಿಮಿಷದ ನೆನಪು

ಅವಳ ಕೋಡಿನಲ್ಲಿ ಒಂದು ತಪ್ಪು ಕಂಡುಹಿಡಿಯಲು ನನಗೆ ಹನ್ನೊಂದು ವಾರ ಬೇಕಾಯಿತು. ನಾನು ತಪ್ಪು ಹುಡುಕುತ್ತಲೇ ಇದ್ದೆ ಎಂದು ಒಪ್ಪಿಕೊಳ್ಳಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಮಣಿಪಾಲದ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ನಮ್ಮ ಕಚೇರಿ. ಕಚೇರಿ ಎಂದರೆ ಎರಡು ಕೋಣೆ, ಒಂದು ಚಹಾ ಕೆಟಲು, ತಿಂಗಳಿಗೆ ನಾಲ್ಕು ಸಲ ಕೈಕೊಡುವ ಲಿಫ್ಟು. ಯಜಮಾನರು ಕಾಪುವಿನವರು, ದುಬೈಯ ದಲ್ಲಾಳಿ ಕಚೇರಿಯೊಂದರಲ್ಲಿ ಬಹುಕಾಲ ದುಡಿದು ಊರಿಗೆ ಮರಳಿದವರು. ಕ್ರಿಪ್ಟೊ ವ್ಯಾಪಾರ ಮಾಡುವವರ ಫೋನಿಗೆ ಎಚ್ಚರಿಕೆ ಕಳಿಸುವುದು ನಮ್ಮ ಕಸುಬು. ಒಂದು ನಾಣ್ಯಕ್ಕೆ ಇನ್ನೊಂದರ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರಲ್ಲ, ಅದನ್ನು ಜೋಡಿ ಎನ್ನುತ್ತೇವೆ. ಅಂಥ ಯಾವುದಾದರೂ ಜೋಡಿಯಲ್ಲಿ ಇದ್ದಕ್ಕಿದ್ದಂತೆ ವಹಿವಾಟು ಉಬ್ಬಿದರೆ, ಬೆಲೆಯ ಸಮೇತ ಒಂದು ಸಾಲು ಹೋಗುತ್ತದೆ. ಕೊಳ್ಳಿ, ಮಾರಿ ಎಂದು ನಾವು ಹೇಳುವುದಿಲ್ಲ. ಇತ್ತ ನೋಡಿ ಎನ್ನುತ್ತೇವೆ, ಅಷ್ಟೆ.

ಆ ಸಾಲನ್ನು ಕಳಿಸುವ ಪೈಥಾನ್ ಸ್ಕ್ರಿಪ್ಟು ನಾನು ಬರೆದದ್ದು. ನಾನು ಕಟಪಾಡಿಯವನು, ಓದಿದ್ದು ಬಿ.ಕಾಂ. ಅಂಗಡಿಯಲ್ಲಿ ಕೂತು ಕೆಟ್ಟ ಕಂಪ್ಯೂಟರುಗಳನ್ನು ಬಿಚ್ಚಿ ಜೋಡಿಸುತ್ತಿದ್ದವನು ನಲವತ್ತರ ಹತ್ತಿರ ಬಂದ ಮೇಲೆ ಕೋಡು ಕಲಿತೆ. ಹಾಗಾಗಿ ಆ ಸ್ಕ್ರಿಪ್ಟಿನ ಮೇಲೆ ನನಗೆ ತಡವಾಗಿ ಹುಟ್ಟಿದ ಮಗುವಿನ ಮೇಲಿರುವಂಥ ಪ್ರೀತಿ. ಅದು ನಲವತ್ತು ಜೋಡಿಗಳನ್ನು ನೋಡಿಕೊಳ್ಳುತ್ತಿತ್ತು. ಒಂದೊಂದನ್ನೇ ಸರದಿಯಂತೆ ವಿನಿಮಯ ಕೇಂದ್ರದ ಸರ್ವರಿಗೆ ಕೇಳುವುದು: ಇದರದ್ದು ಎಂತ ಸುದ್ದಿ? ಇದರದ್ದು? ಇದರದ್ದು? ಅವಸರ ಮಾಡಿ ಪದೇಪದೇ ಕೇಳಿದರೆ ಸರ್ವರು ಮುನಿದು ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಳ್ಳುತ್ತಿತ್ತು. ಆಮೆಯಂತೆ ನಡೆದರೂ ನಡೆಯುತ್ತಿತ್ತು, ಗ್ರಾಹಕರು ತಕರಾರು ಮಾಡಿರಲಿಲ್ಲ.

ಆಗ ಬಂದಳು ಕಾರ್ಕಳದವಳು. ಗಣಿತದಲ್ಲಿ ಎಂ.ಎಸ್ಸಿ., ಅಲ್ಲೇ ಕಾಲೇಜಿನಲ್ಲಿ ಮೂರು ವರ್ಷ ಪಾಠ ಮಾಡಿದವಳು, ನನಗಿಂತ ಹದಿನಾರು ವರ್ಷ ಚಿಕ್ಕವಳು. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬರುತ್ತಿದ್ದಳು, ಉಳಿದ ದಿನ ಮನೆಯಿಂದ ಕೆಲಸ. ಮೊದಲ ದಿನವೇ ನನ್ನ ಕೋಡು ಓದಿ, "ಸರ್, ನೀವು ಟಿಪ್ಪಣಿಯನ್ನೆಲ್ಲ ಕನ್ನಡದಲ್ಲೇ ಬರೀತೀರಲ್ಲ, ಓದ್ಲಿಕ್ಕೆ ಎಷ್ಟು ಚಂದ ಉಂಟು" ಎಂದಳು. ಕೋಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನನಗೆ ಅಲ್ಲೇ ಚುರ್ ಎಂದಿತು.

ಎರಡನೇ ವಾರ ಯಜಮಾನರು ನಮ್ಮಿಬ್ಬರನ್ನೂ ಕೂರಿಸಿಕೊಂಡು, "ಕೇಳ್ತಾ ಕೂತ್ರೆ ಆಗ್ಲಿಕ್ಕಿಲ್ಲ ಮಾರಾಯ್ರೆ. ಬೆಲೆ ಹರಿದು ಬರ್ಬೇಕು. ಮುನ್ನೂರು ಜೋಡಿ ಒಟ್ಟಿಗೆ" ಎಂದರು. ನಾನು ಮಾಡುತ್ತೇನೆ ಎಂದೆ. ಅವಳು ಬಾಯಿ ತೆರೆಯುವ ಮುನ್ನವೇ ಎಂದೆ.

ಹರಿದು ಬರುವುದೆಂದರೆ ಹೀಗೆ. ಸರ್ವರಿನೊಂದಿಗೆ ಒಂದು ಸಂಪರ್ಕ ತೆರೆದು ಇಟ್ಟುಕೊಂಡರೆ ಸಾಕು, ನಾವು ಕೇಳಬೇಕಾಗಿಲ್ಲ. ಯಾವ ಜೋಡಿಯಲ್ಲಿ ಏನಾದರೂ ಆದರೆ ಅದೇ ಹೇಳಿಕೊಂಡು ಬರುತ್ತದೆ. ಮೀನು ಬಂತಾ ಎಂದು ದೋಣಿ ನಿಲ್ಲುವ ಒಂದೊಂದೇ ದಕ್ಕೆಗೆ ಅಲೆಯುವ ಬದಲು ಮೀನಿನವಳೇ ಮನೆ ಮುಂದೆ ಕೂಗಿದ ಹಾಗೆ. ಹತ್ತು ದಿನ ಕೂತು ಬರೆದೆ. ಚಾಲೂ ಮಾಡಿದೆ. ಅರ್ಧ ಗಂಟೆಯಲ್ಲಿ ಎಲ್ಲ ಜೋಡಿಗಳೂ ಉಬ್ಬಿದವು. ಜಗತ್ತಿನಲ್ಲಿ ಅಂಥದ್ದೇನೂ ನಡೆದಿರಲಿಲ್ಲ.

ಯಜಮಾನರು ನನ್ನ ಬೆನ್ನ ಹಿಂದೆ ನಿಂತಿದ್ದರು. ಅವಳು ಪಕ್ಕದಲ್ಲಿ ನಿಂತು ತೆರೆ ನೋಡಿದಳು, ಎರಡೇ ನಿಮಿಷ.

"ಸರ್, ಅವರು ಕಳಿಸುವ ವಹಿವಾಟು ಆ ನಿಮಿಷ ಶುರುವಾದಲ್ಲಿಂದ ಇಲ್ಲಿವರೆಗಿನ ಒಟ್ಟು ಅಲ್ವಾ? ನೀವು ಪ್ರತಿ ಸಂದೇಶದ್ದನ್ನೂ ಪುನಃ ಕೂಡಿಸ್ತಾ ಇದ್ದೀರಿ."

ಹೌದು. ಹತ್ತು, ಹದಿನೈದು, ಹದಿನೆಂಟು ಎಂದು ಸಂದೇಶ ಬಂದರೆ ಆ ನಿಮಿಷದ್ದು ಹದಿನೆಂಟು. ನಾನು ನಲವತ್ತಮೂರು ಮಾಡಿ ಕೂತಿದ್ದೆ. ನಿಮಿಷ ಮುಗಿಯಿತು ಎಂಬ ಗುರುತು ಸಂದೇಶದಲ್ಲೇ ಇರುತ್ತದೆ, ಆ ಗುರುತಿದ್ದದ್ದನ್ನು ಮಾತ್ರ ಇತಿಹಾಸಕ್ಕೆ ಸೇರಿಸಬೇಕು. ಬಿ.ಕಾಂ. ಓದಿದವನು ಮಾಡಬಾರದ ತಪ್ಪು. ಯಜಮಾನರು ಗದರಲಿಲ್ಲ. "ಹಾಗಾದ್ರೆ ಇದನ್ನು ಇವರೇ ಮಾಡ್ಲಿ ಅಲ್ವಾ?" ಎಂದು ನನ್ನನ್ನೇ ಕೇಳಿದರು. ನಾನು "ಮಾಡ್ಲಿ, ಮಾಡ್ಲಿ, ಅದಕ್ಕೆಂತ" ಎಂದೆ. ಆ ಹೊತ್ತು ನನ್ನ ಮುಖ ಹೇಗಿತ್ತೋ ದೇವರಿಗೇ ಗೊತ್ತು.

ಅಲ್ಲಿಂದ ಶುರುವಾಯಿತು ನನ್ನ ಹೊಟ್ಟೆಯುರಿ. ಅದಕ್ಕೆ ಬೇರೆ ಹೆಸರು ಕೊಟ್ಟು ನೋಡಿದೆ: ಅನುಭವ, ಜಾಗ್ರತೆ, ಹಿರಿಯನ ಕಾಳಜಿ. ಯಾವುದೂ ಹೊಂದಲಿಲ್ಲ. ಅವಳು ಮುನ್ನೂರು ಜೋಡಿಗಳನ್ನು ಮೂರು ಸಂಪರ್ಕಗಳಿಗೆ ಹಂಚಿದಳು. ಒಂದು ಕಡಿದರೆ ಅದಷ್ಟೇ ಮತ್ತೆ ಕೂಡಿಕೊಳ್ಳಬೇಕು, ಉಳಿದವು ನಿಲ್ಲಬಾರದು. ಎಚ್ಚರಿಕೆ ಕಳಿಸುವ ಕೆಲಸವನ್ನು ಬೇರೆ ಸಾಲಿನಲ್ಲಿ ನಿಲ್ಲಿಸಿದಳು, ಫೋನಿಗೆ ಸಂದೇಶ ಹೋಗುವುದು ತಡವಾದರೂ ಕೇಳಿಸಿಕೊಳ್ಳುವ ಕೆಲಸ ಕಾಯಬೇಕಾಗಿಲ್ಲ. ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಅವಳ ಅಳತೆ. ಒಂದು ಜೋಡಿಯನ್ನು ಇನ್ನೊಂದರ ಜೊತೆ ಹೋಲಿಸುವುದೇ ಇಲ್ಲ. ಪ್ರತಿಯೊಂದಕ್ಕೂ ಅದರದ್ದೇ ಕಳೆದ ಅರವತ್ತು ನಿಮಿಷಗಳ ಸರಾಸರಿ, ಅದರದ್ದೇ ಸಾಮಾನ್ಯ ಏರಿಳಿತ. ಈ ನಿಮಿಷದ ವಹಿವಾಟು ಆ ಸರಾಸರಿಗಿಂತ ಏರಿಳಿತದ ನಾಲ್ಕು ಪಟ್ಟು ಮೇಲೆ ಹೋದರೆ ಮಾತ್ರ ಗಂಟೆ. ದೊಡ್ಡ ಜೋಡಿಯ ಕೋಟಿಯೂ ಸದ್ದಿಲ್ಲದೆ ಹೋಗಬಹುದು, ಸಣ್ಣದರ ಸಾವಿರವೂ ಕೂಗಬಹುದು.

ಎಷ್ಟು ಸರಿ ಎಂದು ಓದಿದ ತಕ್ಷಣ ಅನಿಸಿತು. ಅನಿಸಿದ್ದಕ್ಕೇ ಇನ್ನೂ ಉರಿಯಿತು. ಅವಳ ಕೋಡನ್ನು ಊಟದ ಹೊತ್ತಿನಲ್ಲಿ, ಚಹಾದ ಹೊತ್ತಿನಲ್ಲಿ, ಅವಳು ಬಾರದ ದಿನಗಳಲ್ಲಿ ಹಲ್ಲಿನಲ್ಲಿ ಸಿಕ್ಕ ನಾರನ್ನು ಕೀಳುವವನಂತೆ ಕೆದಕಿದೆ. ಒಮ್ಮೆ ಅವಳು ತಂದ ಪತ್ರೊಡೆಯಲ್ಲಿ ಎರಡು ತುಂಡು ಮನೆಗೆ ಒಯ್ದಿದ್ದೆ. ಹೆಂಡತಿ ತಿಂದು, "ಅಬ್ಬ, ಎಂತ ರುಚಿ! ನಾನು ಮಾಡಿದ್ದು ಹೀಗೆ ಬರುವುದೇ ಇಲ್ಲ" ಎಂದಳು.

"ಹುಳಿ ಜಾಸ್ತಿಯಾಗಿದೆ" ಎಂದೆ.

ಹೆಂಡತಿ ನನ್ನ ಮುಖ ನೋಡಿದಳು. "ನಿಮಗೆ ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚು. ಪತ್ರೊಡೆ ಎಂತ ಮಾಡಿದೆ ಪಾಪ?"

ಅವಳು ಬರೆಯತೊಡಗಿದ ಹನ್ನೊಂದನೇ ವಾರ ಹೊಸ ಸ್ಕ್ರಿಪ್ಟನ್ನು ಗ್ರಾಹಕರ ಮುಂದೆ ಬಿಡುಗಡೆ ಮಾಡುವುದೆಂದು ನಿಶ್ಚಯವಾಯಿತು. ಕಾಪುವಿನ ಯಜಮಾನರ ಮನೆಯಲ್ಲಿ, ಹದಿನೈದು ಜನ ಖಾಯಂ ಗ್ರಾಹಕರನ್ನು ಕರೆದು, ಊಟ ಹಾಕಿ. ಎಲ್ಲ ಸರಿಹೋದರೆ ಆ ದಿನವೇ ನನ್ನ ನಲವತ್ತು ಜೋಡಿಯ ಸ್ಕ್ರಿಪ್ಟನ್ನು ನಿಲ್ಲಿಸುವುದು. ಯಜಮಾನರು ಇದನ್ನು ಹೇಳಿದ್ದು ಚಹಾಕ್ಕೆ ಸಕ್ಕರೆ ಹಾಕುತ್ತ, "ಹಳೆಯದು ಇನ್ನೆಂತಕ್ಕೆ, ಅಲ್ವಾ?" ಎಂದು. ನನ್ನ ಕೆಲಸ ಹೋಗುವುದಿಲ್ಲ ಎಂದು ಗೊತ್ತಿತ್ತು. ಆದರೆ ಆ ಸ್ಕ್ರಿಪ್ಟು ನಿಂತರೆ ಕಚೇರಿಯಲ್ಲಿ ನಾನು ಮಾಡಿದ್ದು ಎಂದು ತೋರಿಸಲು ಕೆಟಲಿನ ವೈರೊಂದೇ ಉಳಿಯುತ್ತಿತ್ತು. ಅದನ್ನು ನಾನೇ ಬದಲಾಯಿಸಿದ್ದೆ.

ಯಜಮಾನರ ತಾಯಿ ಪುರೋಹಿತರಿಂದ ಮುಹೂರ್ತ ಕೇಳಿಸಿ ತಂದರು. ಮಧ್ಯಾಹ್ನ ಹನ್ನೆರಡು ಇಪ್ಪತ್ತನಾಲ್ಕು. ಅದರಲ್ಲಿ ತೊಂದರೆ ಇರಲಿಲ್ಲ. ಅವಳು ಬೆಳಗ್ಗೆಯೇ ಸ್ಕ್ರಿಪ್ಟು ಚಾಲೂ ಮಾಡಿಟ್ಟು ಹನ್ನೆರಡು ಇಪ್ಪತ್ತನಾಲ್ಕಕ್ಕೆ ತೆರೆ ತೋರಿಸುವ ಅಂದಾಜಿನಲ್ಲಿದ್ದಳು. ಹಿಂದಿನ ದಿನ ಮಧ್ಯಾಹ್ನ ಯಜಮಾನರು ತಾಯಿಗೆ ಅದನ್ನು ವಿವರಿಸಿದರಂತೆ. ಅವರು ಒಪ್ಪಲಿಲ್ಲ. "ಹಾಲು ಉಕ್ಕಿಸುವ ಮೊದಲೇ ಒಳಗೆ ಅಡುಗೆ ಮಾಡ್ತಾರಾ ಯಾರಾದ್ರೂ? ನಡೀತಾ ಇರುವುದಕ್ಕೆ ಮುಹೂರ್ತ ಎಂತಕ್ಕೆ? ಅಷ್ಟೊತ್ತಿಗೇ ಶುರು ಆಗ್ಬೇಕು" ಎಂದರಂತೆ. ಯಜಮಾನರಿಗೆ ದುಬೈಯ ದಲ್ಲಾಳಿಗಳೆಲ್ಲ ಒಂದು ತೂಕ, ತಾಯಿಯ ಮಾತೇ ಒಂದು ತೂಕ. ನನ್ನನ್ನು ಕರೆದು, "ಎಲ್ಲ ನಿಲ್ಲಿಸಿ ಹೊಸದಾಗಿಯೇ ಶುರು ಮಾಡುವುದು. ಅವರಿಗೆ ಹೇಳಿಬಿಡಿ" ಎಂದು ಹೊರಟುಹೋದರು.

ಅವಳು ಅಂದು ಕಾರ್ಕಳದಲ್ಲಿ ಮನೆಯಲ್ಲೇ ಇದ್ದಳು. ಫೋನು ಮಾಡಿ ಹೇಳಿದೆ.

"ಆಯ್ತು ಸರ್" ಎಂದಳು. ಆಮೇಲೆ ಕೇಳಿದಳು: "ಹಾಗೆ ಶುರು ಮಾಡಿದ್ರೆ ಎಂತಾದ್ರೂ ತೊಂದರೆ ಆಗ್ಬಹುದಾ? ನೀವೊಮ್ಮೆ ಕೋಡು ನೋಡ್ತೀರಾ? ಇಷ್ಟು ದಿನ ನೋಡಿ ನೋಡಿ ನನ್ನ ಕಣ್ಣಿಗೆ ಎಂತದೂ ಕಾಣ್ತಾ ಇಲ್ಲ."

ಸಂಜೆ ಐದು ಗಂಟೆಯಿರಬೇಕು. ಕಡತ ತೆರೆದೆ. ನಮ್ಮ ಕೋಡು ಇರುವುದು ಇಬ್ಬರೂ ಒಟ್ಟಿಗೆ ತೆರೆದು ಬರೆಯಬಹುದಾದ ಕಡೆ. ಇನ್ನೊಬ್ಬರು ತೆರೆದಿದ್ದರೆ ಅವರ ಕರ್ಸರು ಬಣ್ಣದ ಗೀಟಾಗಿ ಕಾಣುತ್ತದೆ. ಮೊದಲ ಸಾಲಿನ ಬಳಿ ಅವಳ ಹಸಿರು ಗೀಟು ಅಲುಗಾಡದೆ ನಿಂತಿತ್ತು. ತೆರೆದಿಟ್ಟು ಎದ್ದು ಹೋಗಿದ್ದಾಳೆ ಎಂದುಕೊಂಡೆ.

ಇತಿಹಾಸ ಕೂಡಿಡುವ ಭಾಗಕ್ಕೆ ಬಂದಾಗ ಅದು ಕಂಡಿತು. ಹೊಸದಾಗಿ ಶುರುವಾದರೆ ಪ್ರತಿ ಜೋಡಿಯ ಚೀಲವೂ ಖಾಲಿ, ನಿಮಿಷಕ್ಕೊಂದರಂತೆ ತುಂಬಬೇಕು. ಎಷ್ಟು ತುಂಬಿದ ಮೇಲೆ ಅಳತೆ ಶುರು ಮಾಡಬಹುದು ಎಂಬಲ್ಲಿ ಅರವತ್ತು ಇರಬೇಕಿತ್ತು, ಐದು ಇತ್ತು. ಪರೀಕ್ಷೆ ಮಾಡುವಾಗ ಒಂದು ಗಂಟೆ ಕಾಯಬಾರದೆಂದು ಐದು ಎಂದು ಹಾಕಿ ಹಾಗೆಯೇ ಮರೆತಿದ್ದಾಳೆ. ದಿನವಿಡೀ ನಡೆಯುವ ಸ್ಕ್ರಿಪ್ಟಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಹನ್ನೆರಡು ಇಪ್ಪತ್ತನಾಲ್ಕಕ್ಕೆ ಹೊಸದಾಗಿ ಶುರು ಮಾಡಿದರೆ ಐದು ಸಪ್ಪೆ ನಿಮಿಷಗಳನ್ನು ನೋಡಿ ಜಗತ್ತೇ ಇಷ್ಟು ಎಂದು ಅದು ತಿಳಿದುಕೊಳ್ಳುತ್ತದೆ. ಆಮೇಲೆ ಹನ್ನೆರಡೂವರೆ. ನಮ್ಮ ಹನ್ನೆರಡೂವರೆ ಎಂದರೆ ಆ ಮಾರುಕಟ್ಟೆಗಳ ಗಡಿಯಾರದಲ್ಲಿ ಹೊಸ ಗಂಟೆ ಹುಟ್ಟುವ ಹೊತ್ತು, ಎಲ್ಲ ಕಡೆ ವಹಿವಾಟು ಸ್ವಲ್ಪ ಏರುತ್ತದೆ. ಅರವತ್ತು ನಿಮಿಷದ ನೆನಪಿದ್ದರೆ ಅದರಲ್ಲಿ ಹಿಂದಿನ ಗಂಟೆಯ ಏರಿಕೆಯೂ ಸೇರಿರುತ್ತದೆ, ಇದೂ ಮಾಮೂಲಿ ಎಂದು ಗೊತ್ತಾಗುತ್ತದೆ. ಐದು ನಿಮಿಷದ ನೆನಪಿಗೆ ಅದೆಲ್ಲ ಪ್ರಳಯ.

ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಕುರ್ಚಿಯಿಂದ ಎದ್ದು ಕಿಟಕಿಯವರೆಗೆ ಹೋಗಿ ಬಂದೆ.

ಆಮೇಲೆ, ಇದನ್ನೂ ಹೇಳಬೇಕು, ಆ ಸಾಲಿನ ಪಕ್ಕದಲ್ಲಿ ಟಿಪ್ಪಣಿ ಬರೆದೆ. ಕೈ ತಾನಾಗಿಯೇ ಬರೆಯಿತು, ಇಷ್ಟು ವರ್ಷದ ರೂಢಿ. "ಐದಲ್ಲ, ಅರವತ್ತು. ಹೊಸದಾಗಿ ಹುಟ್ಟಿದ್ದಕ್ಕೆ ನೆನಪಿರುವುದಿಲ್ಲ. ಕಳೆದ ಒಂದು ಗಂಟೆಯದ್ದನ್ನು ಮೊದಲು ಕೇಳಿ ತರಿಸಿ ತುಂಬಿಸಿ." ಹಳೆಯ ನಿಮಿಷಗಳನ್ನು ಸರ್ವರಿನಿಂದ ಕೇಳಿ ತರಿಸುವುದು ನನ್ನ ಸ್ಕ್ರಿಪ್ಟಿಗೆ ನೀರು ಕುಡಿದಷ್ಟು ಸುಲಭ, ಅದು ಬದುಕಿದ್ದೇ ಕೇಳಿಕೊಂಡು. ಇಪ್ಪತ್ತು ಸಾಲಿನ ಕೆಲಸ.

ಬರೆದದ್ದನ್ನು ಓದಿದೆ. ನಲವತ್ತು ಜೋಡಿಗಳು ನೆನಪಾದವು. ಚಹಾಕ್ಕೆ ಸಕ್ಕರೆ ಕಲಕುವ ಚಮಚ ನೆನಪಾಯಿತು. ಒಂದೊಂದೇ ಅಕ್ಷರ ಹಿಂದಕ್ಕೆ ಅಳಿಸಿದೆ. ಫೋನು ತೆಗೆದು ಅವಳಿಗೆ ಕಳಿಸಿದೆ: ನೋಡಿದೆ, ಎಲ್ಲ ಸರಿ ಉಂಟು.

ಮರುದಿನ ಕಾಪುವಿನ ಮನೆಯ ಚಾವಡಿಯಲ್ಲಿ ಕುರ್ಚಿ ಹಾಕಿದ್ದರು. ಗೋಡೆಗೆ ದೊಡ್ಡ ತೆರೆ, ಅದರ ಪಕ್ಕ ದೀಪ. ಮುನ್ನೂರು ಜೋಡಿಗಳ ಬೆಲೆಗಳು ಅದರಲ್ಲಿ ಕ್ಷಣಕ್ಷಣ ಬದಲಾಗಬೇಕು. ಗ್ರಾಹಕರಲ್ಲಿ ಹೆಚ್ಚಿನವರು ಪಡುಬಿದ್ರಿ, ಉಡುಪಿ ಕಡೆಯವರು, ಎಲ್ಲರ ಕೈಯಲ್ಲೂ ಫೋನು. ಅವಳು ನೀಲಿ ಸೀರೆ ಉಟ್ಟಿದ್ದಳು. ಯಜಮಾನರ ತಾಯಿ ದೀಪ ಹಚ್ಚಿ ಗಡಿಯಾರ ನೋಡಿದರು. ಇಪ್ಪತ್ತನಾಲ್ಕು ಆಯಿತು. ಅವಳು ಕೀಲಿ ಒತ್ತಿದಳು. ಬೆಲೆಗಳು ಓಡತೊಡಗಿದವು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಐದು ನಿಮಿಷ ಎಲ್ಲ ಶಾಂತ. ಯಜಮಾನರು ಮುನ್ನೂರು ಜೋಡಿ ಎಂದರೆ ಏನು ಎಂದು ವಿವರಿಸುತ್ತಿದ್ದರು. ಹನ್ನೆರಡು ಇಪ್ಪತ್ತೊಂಬತ್ತಕ್ಕೆ ಒಂದು ಫೋನು ಕುಂಯ್ ಎಂದಿತು. ಎಲ್ಲರೂ ಮೆಚ್ಚುಗೆಯಿಂದ ತಿರುಗಿ ನೋಡಿದರು. ಮತ್ತೊಂದು ಕುಂಯ್ ಎಂದಿತು. ಹನ್ನೆರಡೂವರೆಗೆ ಹದಿನೈದು ಫೋನುಗಳೂ ಒಟ್ಟಿಗೆ ಬಡಿದುಕೊಳ್ಳತೊಡಗಿದವು, ನಿಲ್ಲಲೇ ಇಲ್ಲ. ತೆರೆ ಪೂರ್ತಿ ಕೆಂಪು ಸಾಲುಗಳು. ಯಾರೋ ಒಬ್ಬರು, "ಎಂತ ಮಾರಾಯ್ರೆ, ಮದುವೆ ವಾಲಗವಾ ಇದು?" ಎಂದರು. ನಗು ಎದ್ದಿತು. ಯಜಮಾನರ ತಾಯಿಗೆ ಏನೂ ಅರ್ಥವಾಗದೆ, ಒಳ್ಳೆಯದೇ ಆಗುತ್ತಿದೆ ಎಂದುಕೊಂಡು ಅವರೂ ನಕ್ಕರು.

ಅವಳು ಗಾಬರಿಯಾಗಲಿಲ್ಲ. ಕಡತ ತೆರೆದಳು, ನೇರ ಆ ಸಾಲಿಗೆ ಹೋದಳು. ಹುಡುಕಲಿಲ್ಲ, ನೇರ ಹೋದಳು. ಅದನ್ನು ಆಗ ನಾನು ಗಮನಿಸಿಯೂ ಗಮನಿಸಲಿಲ್ಲ. ಎಚ್ಚರಿಕೆ ಕಳಿಸುವುದನ್ನು ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ತಪ್ಪು ನನ್ನದು. ಇದು ಈಗಷ್ಟೇ ಹುಟ್ಟಿದ್ದು. ಯಾವುದರದ್ದು ಮಾಮೂಲಿ ಎಷ್ಟು ಅಂತ ಇದಕ್ಕೆ ಇನ್ನೂ ಗೊತ್ತಿಲ್ಲ. ಒಂದು ಗಂಟೆ ಬೇಕು."

ಯಜಮಾನರು ನನ್ನ ಕಡೆ ತಿರುಗಿದರು. "ನಿಮ್ಮದು ಉಂಟಲ್ವಾ? ಅದನ್ನು ಹಾಕಿ."

ಹಾಕಿದೆ. ನನ್ನ ನಲವತ್ತು ಜೋಡಿಗಳು ಸದ್ದಿಲ್ಲದೆ ತೆರೆಯ ಮೇಲೆ ಬಂದು ಕೂತವು. ಹತ್ತು ನಿಮಿಷದಲ್ಲಿ ಒಂದೇ ಒಂದು ಎಚ್ಚರಿಕೆ ಬಂತು, ಅದೂ ನಿಜವಾದದ್ದು. ಹಿರಿಯ ಗ್ರಾಹಕರೊಬ್ಬರು, "ಹಳೆಯದೇ ಗಟ್ಟಿ" ಎಂದರು. "ಸದ್ಯಕ್ಕೆ ಇದೇ ನಡೀಲಿ" ಎಂದರು ಯಜಮಾನರು. ಊಟಕ್ಕೆ ಕೂತಾಗ ನನ್ನ ಎಲೆಗೆ ಎರಡು ಸಲ ಪಾಯಸ ಬಂತು. ಅವಳು ಬಡಿಸುವವರಿಗೆ ಸಾಕು, ಸಾಕು ಎನ್ನುತ್ತಿದ್ದಳು. ಪಾಯಸ ನನಗೆ ರುಚಿಸಿತು, ಸುಳ್ಳು ಹೇಳುವುದಿಲ್ಲ.

ಮೂರು ಗಂಟೆಗೆ ಇಬ್ಬರೂ ಹೆದ್ದಾರಿಗೆ ಬಂದು ನಿಂತೆವು. ನಾನು ಉತ್ತರಕ್ಕೆ, ಕಟಪಾಡಿಗೆ. ಅವಳು ದಕ್ಷಿಣಕ್ಕೆ, ಪಡುಬಿದ್ರಿಗೆ ಹೋಗಿ ಅಲ್ಲಿಂದ ಕಾರ್ಕಳದ ಬಸ್ಸು. ಅವಳನ್ನು ರಸ್ತೆ ದಾಟಿಸಿ ಅವಳ ಬದಿಯಲ್ಲೇ ನಿಂತೆ. ಗೆದ್ದವನಿಗೆ ಇರುವ ಔದಾರ್ಯ. "ಇರ್ಲಿ ಬಿಡಿ, ಎಲ್ಲರಿಗೂ ಆಗ್ತದೆ" ಎಂದೂ ಹೇಳಿದೆ.

"ನನಗೆ ಬೇಜಾರು ಅದಲ್ಲ ಸರ್" ಎಂದಳು. ಬಿಸಿಲಿಗೆ ಸೆರಗು ತಲೆಯ ಮೇಲೆ ಎಳೆದುಕೊಂಡಿದ್ದಳು. "ನಿನ್ನೆ ನೀವು ಆ ಸಾಲಿನ ಹತ್ರ ಬರೆದದ್ದನ್ನು ನಾನು ನೋಡ್ತಾ ಇದ್ದೆ. ಅರವತ್ತು, ಹಳೆಯದನ್ನು ತರಿಸಿ ತುಂಬಿಸಿ ಅಂತ. ನನಗೂ ಹೌದು ಅನಿಸ್ತು, ಆಗಲೇ ಬರೆಯುವ ಅಂತ ಕೂತೆ. ಅಷ್ಟರಲ್ಲಿ ನೀವು ಅಳಿಸಿದ್ರಲ್ಲ."

ನಾನು ರಸ್ತೆಯ ಆಚೆ, ಕಟಪಾಡಿಯ ಬಸ್ಸು ನಿಲ್ಲುವ ಕಡೆ ನೋಡಿದೆ.

"ನೀವು ಅಳಿಸಿದ್ದೀರಿ ಅಂದ್ರೆ ಪುನಃ ಯೋಚನೆ ಮಾಡಿಯೇ ಬೇಡ ಅಂತ ಅಳಿಸಿರ್ತೀರಿ. ನಿಮಗೆ ಮಾರುಕಟ್ಟೆ ನೋಡಿ ಗೊತ್ತುಂಟು, ನನಗೆ ಬರೀ ಲೆಕ್ಕ ಗೊತ್ತು. ಹಾಗಂತ ನಾನೂ ಬಿಟ್ಟೆ." ಅವಳು ಬಸ್ಸು ಬರುವ ದಿಕ್ಕಿಗೆ ನೋಡುತ್ತಿದ್ದಳು. "ನಿಮ್ಮ ಮೊದಲ ಯೋಚನೆಯೇ ಸರಿ ಇತ್ತಲ್ವಾ ಸರ್? ನಾನು ಫೋನು ಮಾಡಿ ಕೇಳ್ಬೇಕಿತ್ತು."

ಅದು ಚುಚ್ಚುಮಾತೇ ಎಂದು ಅವಳ ಮುಖದಲ್ಲಿ ಹುಡುಕಿದೆ. ಹನ್ನೊಂದು ವಾರ ಅವಳ ಕೋಡಿನಲ್ಲಿ ಹುಡುಕಿದಂತೆ ಹುಡುಕಿದೆ. ಸಿಗಲಿಲ್ಲ. ಆಗಲೇ ಹೇಳಬಹುದಿತ್ತು. ಬಸ್ಸು ಇನ್ನೂ ದೂರವಿತ್ತು, ಎರಡು ವಾಕ್ಯಕ್ಕೆ ಸಾಕಾಗುವಷ್ಟು ದೂರ. "ಹೌದು, ಒಂದೊಂದು ಸಲ ಹಾಗಾಗ್ತದೆ" ಎಂದೆ. ಅವಳು ಹತ್ತಿ ಹೋದಳು. ಆ ಹೊತ್ತಿನಲ್ಲೂ ನನಗೆ ಅವಳ ಮೇಲೆ ಅಸೂಯೆಯೇ ಆಯಿತು. ಲೆಕ್ಕಕ್ಕಲ್ಲ. ಅಷ್ಟು ಸಲೀಸಾಗಿ ಒಬ್ಬರನ್ನು ನಂಬಲು ಬರುತ್ತದಲ್ಲ, ಅದಕ್ಕೆ. ನನಗೆ ಅದು ಯಾವತ್ತೂ ಬಂದದ್ದಲ್ಲ.

ಮರುದಿನ ಬೆಳಗ್ಗೆ ನಾನು ಕಚೇರಿ ತಲುಪುವಷ್ಟರಲ್ಲಿ ಅವಳು ಎಲ್ಲ ಸರಿಮಾಡಿದ್ದಳು. ಶುರುವಾದ ಕೂಡಲೇ ಮುನ್ನೂರು ಜೋಡಿಗಳ ಕಳೆದ ಅರವತ್ತು ನಿಮಿಷಗಳನ್ನು ಕೇಳಿ ತರಿಸಿ, ಸರ್ವರು ಮುನಿಯದಂತೆ ನಿಧಾನವಾಗಿ ತರಿಸಿ, ಚೀಲ ತುಂಬಿಕೊಂಡೇ ಅಳತೆಗೆ ಇಳಿಯುತ್ತದೆ. ಎಷ್ಟೊತ್ತಿಗೆ ಬೇಕಾದರೂ ಮುಹೂರ್ತ ಇಡಬಹುದು. ಎರಡು ವಾರ ಎರಡೂ ಸ್ಕ್ರಿಪ್ಟುಗಳು ಒಟ್ಟಿಗೆ ನಡೆದವು. ಆಮೇಲೆ ನನ್ನದನ್ನು ನಿಲ್ಲಿಸಿದರು. ನಿಲ್ಲಿಸಿದರು ಎಂದರೆ ನಾನೇ ಕೈಯಾರೆ ನಿಲ್ಲಿಸಿದೆ, ಯಾರೂ ಹೇಳುವ ಮೊದಲು.

ಆದರೆ ಅವತ್ತು ಬೆಳಗ್ಗೆ ಕಡತ ತೆರೆದಾಗ ನಾನು ಮೊದಲು ಕಂಡದ್ದು ಹೊಸ ಕೋಡನ್ನಲ್ಲ. ಆ ಸಾಲಿನ ಪಕ್ಕದಲ್ಲಿ ನಾನು ಬರೆದು ಅಳಿಸಿದ್ದ ಟಿಪ್ಪಣಿ ಇತ್ತು, ಕನ್ನಡದಲ್ಲಿ, ಒಂದಕ್ಷರ ಆಚೀಚೆ ಇಲ್ಲದೆ. ಐದಲ್ಲ, ಅರವತ್ತು. ಹೊಸದಾಗಿ ಹುಟ್ಟಿದ್ದಕ್ಕೆ ನೆನಪಿರುವುದಿಲ್ಲ. ಅದರ ಕೆಳಗೆ ಅವಳು ಸೇರಿಸಿದ್ದಳು: ಸರ್ ಮೊದಲೇ ಹೇಳಿದ್ದರು, ನಾನು ಮಾಡಲಿಲ್ಲ.

ಈಗಲೂ ಅದು ಅಲ್ಲೇ ಉಂಟು. ಕಳೆದ ತಿಂಗಳು ಕೆಲಸಕ್ಕೆ ಸೇರಿದವರೊಬ್ಬರು ಅದನ್ನು ಓದಿ ನನ್ನ ಕಡೆ ಗೌರವದಿಂದ ನೋಡಿದರು. ಅವಳು ಬರೆದ ಆ ಕೊನೆಯ ಸಾಲನ್ನು ಅಳಿಸಬೇಕೆಂದು ಎಷ್ಟು ಸಲ ಕರ್ಸರನ್ನು ಅಲ್ಲಿಗೆ ಒಯ್ದಿದ್ದೇನೋ ಲೆಕ್ಕವಿಲ್ಲ. ಒಯ್ದಾಗಲೆಲ್ಲ ಮೊದಲ ಸಾಲಿನ ಬಳಿ ಹಸಿರು ಗೀಟು ನಿಂತಿದೆಯೇ ಎಂದು ನೋಡುತ್ತೇನೆ. ಅದು ಇಲ್ಲದ ದಿನವೂ ಅಳಿಸಲು ಕೈ ಬರುವುದಿಲ್ಲ.